ಸೂಪಾದಲ್ಲಿ ಸುಟ್ಟ ಸಾಲಪತ್ರಗಳು

ಪ್ರಶ್ನೆ: ಮಾರುಕಟ್ಟೆ ಸಮಾಜದೊಳಗೆ ಹುದುಗಿರುತ್ತದೆ, ಅದನ್ನು ಕಿತ್ತು ತನ್ನಷ್ಟಕ್ಕೆ ಓಡಲು ಬಿಟ್ಟರೆ ಸಮಾಜ ತಿರುಗಿಬೀಳುತ್ತದೆ ಎಂದು ಕಾರ್ಲ್ ಪೊಲಾನಿ ಹೇಳಿದ್ದಾರೆ ಅಂತ ಓದಿದೆ. ಉದಾಹರಣೆಗಳೆಲ್ಲ ಇಂಗ್ಲೆಂಡಿನವು. ನಮ್ಮ ಕಡೆಯ ಒಂದು ಪ್ರಕರಣ ಇಟ್ಟುಕೊಂಡು ಇದು ಹೇಗೆ ನಡೆಯುತ್ತದೆ ಎಂದು ಹೇಳುತ್ತೀರಾ? ಜನ ರೇಗಿದಾಗಲೆಲ್ಲ ಅದಕ್ಕೆ ಪೊಲಾನಿ ಹೆಸರು ಹಚ್ಚಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ಹಚ್ಚಬಾರದು. ಯಾಕೆ ಎನ್ನುವುದು ಒಂದು ಪ್ರಕರಣವನ್ನು ಬಿಡಿಸಿ ನೋಡಿದರೆ ತಾನಾಗಿ ಗೊತ್ತಾಗುತ್ತದೆ. ಅದಕ್ಕೆ 1875ರ ದಖ್ಖನ್ ದಂಗೆಯನ್ನು ತೆಗೆದುಕೊಳ್ಳೋಣ. ನಡೆದದ್ದು ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳಲ್ಲಿ. ಆದರೆ ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಅದೇ ಮುಂಬೈ ಪ್ರಾಂತ್ಯದಲ್ಲಿದ್ದವು. ಅದೇ ರೈತವಾರಿ ಕಂದಾಯ, ಅದೇ ಕಾನೂನು, ಅದೇ ಹತ್ತಿಯ ಏರಿಳಿತ ಇಲ್ಲಿಯೂ ಇತ್ತು.

ಮೊದಲು ಒಂದು ಗೊಂದಲ ಬಗೆಹರಿಯಲಿ. ‘ಹುದುಗಿರುವುದು’ ಎಂಬ ಮಾತನ್ನು ಆರ್ಥಿಕ ಸಮಾಜಶಾಸ್ತ್ರದಲ್ಲಿ ಎರಡು ಅರ್ಥದಲ್ಲಿ ಬಳಸುತ್ತಾರೆ. ಮಾರ್ಕ್ ಗ್ರಾನೊವೆಟರ್ 1985ರ ತಮ್ಮ ಪ್ರಬಂಧದಲ್ಲಿ ಹೇಳಿದ್ದು ವ್ಯಕ್ತಿಗಳ ನಡುವಿನ ಪರಿಚಯ, ನಂಬಿಕೆಗಳ ಜಾಲದ ವಿಷಯ. ಗುರುತಿನ ಅಂಗಡಿಯವನು ಉದ್ರಿ ಕೊಡುತ್ತಾನಲ್ಲ, ಆ ಬಗೆಯದು. 1944ರಲ್ಲಿ ‘ದಿ ಗ್ರೇಟ್ ಟ್ರಾನ್ಸ್‌ಫರ್ಮೇಷನ್’ ಬರೆದ ಪೊಲಾನಿಯ ಮಾತು ಇನ್ನೂ ದೊಡ್ಡದು. ಜಮೀನು, ದುಡಿಮೆ, ಹಣ ಈ ಮೂರನ್ನು ಯಾರೂ ಮಾರಾಟಕ್ಕೆಂದು ತಯಾರಿಸಿದ್ದಲ್ಲ; ಅವು ‘ಕಲ್ಪಿತ ಸರಕು’ಗಳು. ಬದನೆಕಾಯಿಗೆ ಬೆಲೆ ಬಿದ್ದರೆ ಬದನೆಕಾಯಿ ಕೊಳೆಯುತ್ತದೆ, ಅಷ್ಟೇ. ದುಡಿಮೆಗೆ ಬೆಲೆ ಬಿದ್ದರೆ ದುಡಿಯುವ ಮನುಷ್ಯನೇ ಬೀಳುತ್ತಾನೆ. ಹಾಗಾಗಿ ಈ ಮೂರರ ಗತಿಯನ್ನು ಬೆಲೆಯೊಂದಕ್ಕೇ ಒಪ್ಪಿಸಿದಲ್ಲಿ ಅದಕ್ಕೆ ಎದುರಾಗಿ ರಕ್ಷಣೆಯ ಚಲನೆಯೂ ಹುಟ್ಟುತ್ತದೆ ಎನ್ನುವುದು ಅವರ ವಾದ. ಇದನ್ನೇ ಅವರು ಇಮ್ಮುಖ ಚಲನೆ ಎಂದದ್ದು. ಇದರ ಜೊತೆಗಿನ ಇನ್ನೊಂದು ಮಾತನ್ನು ಓದುಗರು ಸಾಮಾನ್ಯವಾಗಿ ಮರೆಯುತ್ತಾರೆ. ಮುಕ್ತ ಮಾರುಕಟ್ಟೆ ತಾನಾಗಿ ಬೆಳೆದದ್ದಲ್ಲ, ಸರ್ಕಾರ ಕಾಯ್ದೆಯ ಮೇಲೆ ಕಾಯ್ದೆ ಮಾಡಿ ಕಟ್ಟಿದ್ದು; ರಕ್ಷಣೆಯ ಕ್ರಮಗಳೇ ಯೋಜನೆಯಿಲ್ಲದೆ, ಬಂದ ತೊಂದರೆಗೆ ತಕ್ಕಂತೆ ಮೂಡಿದ್ದು. ದಖ್ಖನಿನಲ್ಲಿ ಕಣ್ಣಿಗೆ ಕಾಣುವುದು ಇದೇ.

ಸಾಹುಕಾರ ಬ್ರಿಟಿಷರೊಂದಿಗೆ ಬಂದವನಲ್ಲ. ಪೇಶ್ವೆಯ ಕಾಲದಲ್ಲೂ ರೈತನಿಗೆ ಸಾಲವಿತ್ತು, ಬಡ್ಡಿಯೂ ಕಡಿಮೆಯೇನಿರಲಿಲ್ಲ. ಆದರೆ ವಸೂಲಿಗೆ ಸಾಹುಕಾರ ಊರನ್ನೇ ನೆಚ್ಚಬೇಕಿತ್ತು. ಪಟೇಲ ಕೈಬಿಟ್ಟರೆ, ಊರವರು ಮುಖ ತಿರುಗಿಸಿದರೆ ಬಾಗಿಲಲ್ಲಿ ಧರಣಿ ಕೂರುವುದೇ ಉಳಿದ ದಾರಿ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ನಿಜವಾಗುವುದು ಕೋರ್ಟು ದೂರವಿದ್ದು ಊರು ಹತ್ತಿರವಿರುವ ಇಂಥ ಕಡೆಯೇ. ಜಮೀನನ್ನು ಹೊರಗಿನವನು ಕಿತ್ತುಕೊಳ್ಳುವುದಂತೂ ಸುಲಭವಿರಲಿಲ್ಲ. ಬಡ್ಡಿ ಅಸಲನ್ನು ಮೀರಕೂಡದು ಎಂಬ ‘ದಾಮದುಪ್ಪಟ್ಟು’ ಕಟ್ಟಳೆಯೂ ಇತ್ತು: ನೂರು ಕೊಟ್ಟವನು ಎಷ್ಟು ವರ್ಷ ಕಳೆದರೂ ಒಮ್ಮೆಗೆ ಇನ್ನೂರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಸಾಲವೆಂಬುದು ಊರಿನ ಸಂಬಂಧಗಳೊಳಗೆ ಹುದುಗಿತ್ತು ಎಂದರೆ ಇದು. ಆ ಸಂಬಂಧಗಳು ಸಿಹಿಯಾಗಿದ್ದವು ಎಂದು ಅರ್ಥವಲ್ಲ, ಎರಡೂ ಕಡೆಯವರಿಗೆ ಅವು ಕಡಿವಾಣವಾಗಿದ್ದವು.

ಈ ಕಡಿವಾಣ ಒಂದೊಂದಾಗಿ ಬಿಚ್ಚಿಕೊಂಡಿತು. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ 1836ರ ಹೊತ್ತಿಗೆ ಪುಣೆ ಜಿಲ್ಲೆಯ ಇಂದಾಪುರದಿಂದ ಶುರುಮಾಡಿದ ಭೂಮಾಪನ, ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಒಬ್ಬ ಖಾತೆದಾರ, ಮೂವತ್ತು ವರ್ಷಕ್ಕೆ ಗೊತ್ತಾದ ಕಂದಾಯ ಎಂದು ನಿಗದಿಮಾಡಿತು. ವಿಂಗೇಟ್ ಮುಂದೆ ಧಾರವಾಡ ಸೀಮೆಗೂ ಇದೇ ಪದ್ಧತಿ ತಂದರು. ಖಾತೆ ಸ್ಪಷ್ಟವಾಯಿತು, ಅದನ್ನು ಪರಭಾರೆ ಮಾಡುವ ಹಕ್ಕು ಸಿಕ್ಕಿತು. ಅಲ್ಲಿಗೆ ಜಮೀನು ಅಡವಿಡಬಹುದಾದ ವಸ್ತುವಾಯಿತು. 1827ರ ಮುಂಬೈ ಕಟ್ಟಳೆಯಲ್ಲಿ ಬಡ್ಡಿಗೆ ಶೇ 12ರ ಮಿತಿಯಿತ್ತು. 1855ರಲ್ಲಿ ಅದನ್ನು ತೆಗೆದುಹಾಕಿದರು. ಸಾಲದ ಬೆಲೆಯನ್ನು ಕೊಡುವವನೂ ಕೊಳ್ಳುವವನೂ ಮಾತಾಡಿಕೊಳ್ಳಲಿ ಎಂಬ ಆ ಕಾಲದ ಅರ್ಥಶಾಸ್ತ್ರದ ನಂಬಿಕೆ ಅದರ ಹಿಂದಿತ್ತು. 1859ರಲ್ಲಿ ಎರಡು ಕಾಯ್ದೆ ಬಂದವು. ಒಂದು ಸಿವಿಲ್ ಪ್ರಕ್ರಿಯೆಯದು: ಸಾಲಪತ್ರ ತೋರಿಸಿದರೆ ಡಿಕ್ರಿ, ಪ್ರತಿವಾದಿ ಬಾರದಿದ್ದರೆ ಏಕಪಕ್ಷೀಯ ಡಿಕ್ರಿ, ಆಮೇಲೆ ಜಪ್ತಿ. ಇನ್ನೊಂದು ವಾಯಿದೆ ಕಾಯ್ದೆ: ನೋಂದಣಿಯಾಗದ ಸಾಲಪತ್ರದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ ಅದು ಬಿದ್ದುಹೋಗುತ್ತದೆ.

ಈ ವಾಯಿದೆ ಕಾಯ್ದೆಯ ಹತ್ತಿರ ಸ್ವಲ್ಪ ನಿಲ್ಲಬೇಕು, ಇಡೀ ಪ್ರಕರಣದ ಕೀಲಿಕೈ ಇಲ್ಲಿದೆ. ಹಳೆಯ ಸಾಲವನ್ನು ವರ್ಷಗಟ್ಟಲೆ ಬೆಳೆಯಬಿಟ್ಟು ಕೊನೆಗೆ ರೈತನ ಕುತ್ತಿಗೆ ಹಿಡಿಯಬಾರದು ಎನ್ನುವುದು ಅದರ ಆಶಯ. ಆದದ್ದು ತಿರುವುಮುರುವು. ಮೂರು ವರ್ಷ ತುಂಬುವ ಮುನ್ನ ಸಾಹುಕಾರ ರೈತನನ್ನು ಕರೆಸಿ, ಅಸಲು ಬಡ್ಡಿ ಕೂಡಿಸಿ ಹೊಸ ಸಾಲಪತ್ರ ಬರೆಸಿಕೊಳ್ಳತೊಡಗಿದ. ಹೊಸ ಪತ್ರದಲ್ಲಿ ಹಳೆಯ ಬಡ್ಡಿಯೂ ಅಸಲು. ಲೆಕ್ಕ ಹಾಕಿ ನೋಡಿ. ನೂರು ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೆ ಬಡ್ಡಿ 72. ಹೊಸ ಪತ್ರ 172ಕ್ಕೆ. ಇನ್ನು ಮೂರು ವರ್ಷಕ್ಕೆ ಅದು ಸುಮಾರು 296. ಒಂಬತ್ತನೆಯ ವರ್ಷದ ಕೊನೆಗೆ 509. ಪತ್ರ ಬದಲಾಯಿಸದೆ ಅದೇ ಒಂಬತ್ತು ವರ್ಷ ಬಿಟ್ಟಿದ್ದರೆ ಸರಳ ಬಡ್ಡಿಯೇ 216 ಆಗುತ್ತಿತ್ತು, ಆದರೆ ದಾಮದುಪ್ಪಟ್ಟಿನ ಪ್ರಕಾರ ಸಾಹುಕಾರ ಕೇಳಬಹುದಾದದ್ದು ಒಟ್ಟು ಇನ್ನೂರೇ. ಕಟ್ಟಳೆ ಸತ್ತಿರಲಿಲ್ಲ, ಕೋರ್ಟುಗಳು ಅದನ್ನು ಮನ್ನಿಸುತ್ತಲೇ ಇದ್ದವು. ಆದರೆ ಪ್ರತಿ ಮೂರು ವರ್ಷಕ್ಕೂ ಅಸಲೇ ಹೊಸದಾಗುವಾಗ ಅದು ಹಿಡಿಯುವುದಾದರೂ ಏನನ್ನು? ಮುನ್ಸೀಫನ ಮುಂದೆ ಬರುತ್ತಿದ್ದುದು ಕೊನೆಯ ಪತ್ರ, ಅದರ ಕೆಳಗೆ ರೈತನ ಗುರುತು. ಹಿಂದಿನ ಕಥೆ ಕೇಳುವ ಅಧಿಕಾರ ಅವನಿಗಿರಲಿಲ್ಲ.

ಇಷ್ಟಾದರೂ ದಂಗೆಯಾಗಲಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಮುಂಬೈಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಗದಗ, ಹುಬ್ಬಳ್ಳಿ ಕಡೆಯ ‘ಧಾರವಾಡ ಅಮೆರಿಕನ್’ ಹತ್ತಿಗೂ ಬಂಗಾರದ ಕಾಲ. ಸಾಹುಕಾರರು ಕೇಳಿದವರಿಗೆಲ್ಲ ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಅದರ ಬೆನ್ನಿಗೇ ಮೂವತ್ತು ವರ್ಷದ ಗಡುವು ಮುಗಿದ ತಾಲ್ಲೂಕುಗಳಲ್ಲಿ ಕಂದಾಯದ ಪರಿಷ್ಕರಣೆ ಬಂತು. ಹತ್ತಿಯ ಬೆಲೆ ಏರಿದ್ದ ವರ್ಷಗಳನ್ನು ನೋಡಿ ಗೊತ್ತುಮಾಡಿದ ಕಂದಾಯವನ್ನು ಬೆಲೆ ಇಳಿದ ವರ್ಷಗಳಲ್ಲಿ ಕಟ್ಟಬೇಕಾಯಿತು. ಕಿಸ್ತು ಕಟ್ಟಲು ರೈತ ಸಾಹುಕಾರನ ಬಾಗಿಲಿಗೇ ಹೋದ. ಸಾಹುಕಾರನೂ ಕಟ್ಟುತ್ತಿದ್ದ, ಇಲ್ಲದಿದ್ದರೆ ಅವನಿಗೆ ಅಡವಾದ ಜಮೀನನ್ನು ಸರ್ಕಾರ ಹರಾಜು ಹಾಕುತ್ತಿತ್ತಲ್ಲ.

ಆಗ ಸರ್ಕಾರ ಇನ್ನೊಂದು ಒಳ್ಳೆಯ ಕೆಲಸ ಮಾಡಲು ಹೋಯಿತು. ಬಾಕಿಗಾಗಿ ಮೊದಲು ಚರಾಸ್ತಿ ಮಾರಿ, ಜಮೀನಿಗೆ ಕೈಹಾಕುವುದು ಕಡೆಯಲ್ಲಿರಲಿ ಎಂದು 1875ರ ಆರಂಭದಲ್ಲಿ ಆದೇಶವಾಯಿತು. ರೈತನ ಜಮೀನು ಉಳಿಯಲಿ ಎಂಬ ಕಾಳಜಿ. ಸಾಹುಕಾರ ಅದನ್ನು ಬೇರೆ ರೀತಿ ಓದಿದ: ಜಮೀನು ಹೇಗೂ ಹರಾಜಾಗುವುದಿಲ್ಲ, ಹಾಗಾದರೆ ಇವನ ಕಿಸ್ತು ನಾನೇಕೆ ಕಟ್ಟಲಿ? ಸಾಲ ನಿಂತಿತು. ಹಳೆಯ ವ್ಯವಸ್ಥೆಯಲ್ಲಿ ಸಾಹುಕಾರನ ದಬ್ಬಾಳಿಕೆಗೆ ಪ್ರತಿಯಾಗಿ ಒಂದು ಕರ್ತವ್ಯವೂ ಇತ್ತು, ಕೆಟ್ಟ ವರ್ಷದಲ್ಲಿ ಕೈಹಿಡಿಯುವುದು. ಈಗ ದಬ್ಬಾಳಿಕೆ ಉಳಿಯಿತು, ಕರ್ತವ್ಯ ಹೋಯಿತು. ಜನ ರೊಚ್ಚಿಗೇಳುವುದು ಬಡ್ಡಿ ಹೆಚ್ಚಾದಾಗಲ್ಲ, ಇಂಥ ಒಡಂಬಡಿಕೆ ಒಂದೇ ಕಡೆಯಿಂದ ಮುರಿದಾಗ ಎನ್ನುವುದು ನನ್ನ ಓದು.

ಸಿಟ್ಟು ಮೊದಲು ಕಂಡದ್ದು ಬಹಿಷ್ಕಾರವಾಗಿ, ಈ ಆದೇಶಕ್ಕೂ ಸ್ವಲ್ಪ ಮುಂಚೆಯೇ. 1874ರ ಕೊನೆಯಲ್ಲಿ ಪುಣೆ ಜಿಲ್ಲೆಯ ಸಿರೂರು ತಾಲ್ಲೂಕಿನ ಕರ್ಡೆ ಎಂಬ ಊರಿನಲ್ಲಿ, ಒಬ್ಬ ಮಾರ್ವಾಡಿ ಸಾಹುಕಾರ ದೇಶಮುಖರ ಮನೆಯ ಮೇಲೆ ಡಿಕ್ರಿ ತಂದ ಮೇಲೆ, ಊರವರು ಸಾಹುಕಾರರ ಅಂಗಡಿಯಲ್ಲಿ ಸರಕು ಕೊಳ್ಳುವುದನ್ನೂ ಅವರ ಹೊಲ ಉಳುವುದನ್ನೂ ಬಿಟ್ಟರು. ಕ್ಷೌರಿಕ, ಅಗಸ, ನೀರು ಹೊರುವವರು ಅವರ ಮನೆಗೆ ಹೋಗಲಿಲ್ಲ. ಹುಡುಕಿದ್ದು ಹೊಸ ಆಯುಧವನ್ನಲ್ಲ. ಕೋರ್ಟು ಬರುವ ಮೊದಲು ಸಾಹುಕಾರನಿಗೆ ಹಾಕುತ್ತಿದ್ದ ಹಳೆಯ ಕಡಿವಾಣವನ್ನೇ ಮತ್ತೆ ತೊಡಿಸಲು ನೋಡಿದರು. 1875ರ ಮೇ 12ರಂದು ಭೀಮಥಡಿ ತಾಲ್ಲೂಕಿನ ಸೂಪಾದಲ್ಲಿ (ನಮ್ಮ ಜೋಯಿಡಾ ಕಡೆಯ ಸೂಪಾ ಅಲ್ಲ) ಸಂತೆಯ ದಿನ ಸೇರಿದ್ದ ಜನ ಗುಜರಾತಿ ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಮುಂದಿನ ವಾರಗಳಲ್ಲಿ ಅದು ಸುಮಾರು ಮೂವತ್ತು ಊರುಗಳಿಗೆ ಹಬ್ಬಿತು. ಗಮನಿಸಬೇಕಾದದ್ದು ಜನ ಏನನ್ನು ಕೇಳಿದರು ಎನ್ನುವುದನ್ನು. ಸಾಲಪತ್ರ, ಡಿಕ್ರಿ, ಲೆಕ್ಕದ ಪುಸ್ತಕ. ಅವನ್ನು ತಂದು ಸುಟ್ಟರು. ಕಾಗದ ಕೊಟ್ಟ ಕಡೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತಿತ್ತು, ಮೈಮೇಲೆ ಕೈಮಾಡಿದ್ದು ಬಹಳ ಕಡಿಮೆ. ಕೋರ್ಟಿನಲ್ಲಿ ಸಾಲಕ್ಕೆ ಜೀವ ಕೊಡುವುದು ಆ ಕಾಗದವೊಂದೇ ಎಂದು ಅಕ್ಷರ ಬಾರದ ರೈತನಿಗೂ ಗೊತ್ತಿತ್ತು.

ಈಗ ಪೊಲಾನಿಗೆ ಎದುರಾಗುವ ಕಷ್ಟಗಳಿಗೆ ಬರೋಣ. ‘ಸಮಾಜ ತನ್ನನ್ನು ಕಾಪಾಡಿಕೊಂಡಿತು’ ಎನ್ನುವಾಗ ಆ ಸಮಾಜ ಯಾರು? ದಾಳಿ ನಡೆದದ್ದು ಹೊರಗಿನಿಂದ ಬಂದ ಮಾರ್ವಾಡಿ, ಗುಜರಾತಿ ಸಾಹುಕಾರರ ಮೇಲೆ. ಸ್ಥಳೀಯ ಬ್ರಾಹ್ಮಣ ಸಾಹುಕಾರರ ಬಡ್ಡಿ ಅಷ್ಟೇ ಬಿಸಿಯಾಗಿದ್ದರೂ ಅವರನ್ನು ಹೆಚ್ಚಾಗಿ ಮುಟ್ಟಲಿಲ್ಲ. ಕರ್ಡೆಯಲ್ಲಿ ಮುಂದೆ ನಿಂತದ್ದು ದೇಶಮುಖರ ಮನೆತನ, ಕಡುಬಡವರಲ್ಲ. ಸೆಟೆದು ನಿಲ್ಲಲು ಊರಿನಲ್ಲಿ ಮಾತು ನಡೆಯುವಂಥವರು ಬೇಕು, ಜೊತೆಗೆ ‘ನಮ್ಮವರಲ್ಲ’ ಎಂದು ಬೆರಳು ತೋರಿಸಲು ಯಾರಾದರೂ ಸಿಗಬೇಕು. ಈ ದಂಗೆಯ ಮಹತ್ವವನ್ನು ಬಹಳ ಉಬ್ಬಿಸಲಾಗಿದೆ ಎಂದು ಇತಿಹಾಸಕಾರ ನೀಲ್ ಚಾರ್ಲ್ಸ್‌ವರ್ತ್ ವಾದಿಸಿದ್ದೂ ಇದೆ. ಸಾವಿರಾರು ಊರುಗಳಿರುವಲ್ಲಿ ಮೂವತ್ತು ಎಷ್ಟರದು ಎನ್ನುವ ಪ್ರಶ್ನೆ ನ್ಯಾಯವಾದದ್ದೇ.

ಇನ್ನೊಂದು ಕಷ್ಟ ನಮ್ಮ ಊರುಗಳಿಂದಲೇ ಬರುತ್ತದೆ. ದಂಗೆಯ ಮರುವರ್ಷವೇ ಭೀಕರ ಬರ ಶುರುವಾಯಿತು. 1876–78ರಲ್ಲಿ ವಿಜಾಪುರ, ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳು ಅನುಭವಿಸಿದ್ದರ ಮುಂದೆ ಸೂಪಾದ ಸಂಕಟ ಏನೂ ಅಲ್ಲ. ಧಾನ್ಯದ ವ್ಯಾಪಾರಕ್ಕೆ ಕೈಹಾಕಬಾರದು, ಬೆಲೆಯೇ ಧಾನ್ಯವನ್ನು ಬೇಕಾದಲ್ಲಿಗೆ ಒಯ್ಯುತ್ತದೆ ಎಂದು ವೈಸರಾಯ್ ಲಿಟ್ಟನ್ ಸರ್ಕಾರ ಹಟ ಹಿಡಿದಿತ್ತು. ಬೆಲೆ ಧಾನ್ಯವನ್ನು ಒಯ್ದದ್ದು ಕೊಳ್ಳಲು ದುಡ್ಡಿದ್ದವರ ಕಡೆಗೆ. ಪೊಲಾನಿ ಕೂಡ ಭಾರತದ ಬರಗಳನ್ನು ಇದೇ ದೃಷ್ಟಿಯಿಂದ ನೋಡಿದ್ದಾರೆ: ಹಳ್ಳಿಯ ಹಳೆಯ ಆಸರೆ ಮುರಿದಿತ್ತು, ಧಾನ್ಯ ಮಾತ್ರ ಮುಕ್ತವಾಗಿ ಮಾರಾಟವಾಗುತ್ತಿತ್ತು. ಅಲ್ಲಲ್ಲಿ ಧಾನ್ಯ ಲೂಟಿಯಾದರೂ ಸೂಪಾದಂಥ ಸಾಲುದಂಗೆ ಇಲ್ಲಿ ಹಬ್ಬಲಿಲ್ಲ. ಹಸಿದವನು ಗುಳೆ ಹೋಗುತ್ತಾನೆ, ಇಲ್ಲವೇ ಸಾಯುತ್ತಾನೆ. ಸಂಘಟಿತವಾಗಿ ತಿರುಗಿಬೀಳಲು ಹೊಟ್ಟೆಯಲ್ಲಿ ಒಂದಿಷ್ಟಾದರೂ ಇರಬೇಕು. ಆದರೂ ಆ ಬರದಿಂದ 1880ರ ಕ್ಷಾಮ ಆಯೋಗ, ಅದರ ಹಿಂದೆ ಕ್ಷಾಮ ಸಂಹಿತೆ ಬಂತು. ಅಂದರೆ ದಂಗೆ ಬೇರೆ, ರಕ್ಷಣೆಯ ಚಲನೆ ಬೇರೆ. ಒಂದಿಲ್ಲದೆ ಇನ್ನೊಂದು ಬರಬಹುದು. ಸಂಕಟ ಹೆಚ್ಚಿದಷ್ಟೂ ಪ್ರತಿಭಟನೆ ಹೆಚ್ಚು ಎಂಬ ನೇರ ಲೆಕ್ಕಕ್ಕೆ ಪೊಲಾನಿಯನ್ನು ಇಳಿಸಿದರೆ ತಪ್ಪುವುದು ಇಲ್ಲೇ.

ದಂಗೆಗೆ ಸರ್ಕಾರದ ಉತ್ತರ ಆಯೋಗ, ಆಮೇಲೆ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ. ಪುಣೆ, ಸಾತಾರಾ, ಸೋಲಾಪುರ, ಅಹಮದ್‌ನಗರ ಈ ನಾಲ್ಕು ಜಿಲ್ಲೆಗಳಿಗೆ ಮೊದಲು ಅನ್ವಯ. ಮುಂದೆ ಪ್ರಾಂತ್ಯದ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಹಿಂದೆ ಬಿಚ್ಚಿದ ಗಂಟುಗಳನ್ನೇ ಅದು ಒಂದೊಂದಾಗಿ ಕಟ್ಟಿತು. ನ್ಯಾಯಾಧೀಶ ಕೊನೆಯ ಪತ್ರವನ್ನಷ್ಟೇ ನೋಡಿ ಡಿಕ್ರಿ ಕೊಡುವಂತಿಲ್ಲ, ಮೊದಲ ವ್ಯವಹಾರದವರೆಗೆ ಹಿಂದೆ ಹೋಗಿ ಅಸಲು ಬಡ್ಡಿ ಬೇರೆ ಮಾಡಿ ಹೊಸದಾಗಿ ಲೆಕ್ಕ ಹಾಕಬೇಕು. ನಮ್ಮ 509 ರೂಪಾಯಿ ಪುನಃ ಇನ್ನೂರರ ಆಸುಪಾಸಿಗೆ ಇಳಿಯುವುದು ಈ ಒಂದು ಅಂಶದಿಂದ. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವಂತಿಲ್ಲ. ಅಡವಿಡದ ಜಮೀನನ್ನು ಜಪ್ತಿ ಮಾಡುವಂತಿಲ್ಲ. ವಾಯಿದೆಯನ್ನು ಉದ್ದಮಾಡಿ ಮೂರು ವರ್ಷದ ಆಟವನ್ನು ನಿಲ್ಲಿಸಿದರು. ಮುಟ್ಟದೆ ಬಿಟ್ಟದ್ದು ಕಂದಾಯದ ಕಿಸ್ತನ್ನು. ತಪ್ಪೆಲ್ಲ ಸಾಹುಕಾರನದು ಎನ್ನುವುದು ಸರ್ಕಾರಕ್ಕೆ ಅನುಕೂಲದ ತೀರ್ಮಾನವಾಗಿತ್ತು. ರಕ್ಷಣೆ ಬಂದಾಗಲೂ ಅದು ಯಾರ ಕೈಯಿಂದ ಬಂತು, ಅವರು ತಮ್ಮ ಪಾಲನ್ನು ಎಲ್ಲಿ ಬಚ್ಚಿಟ್ಟರು ಎಂದು ನೋಡಬೇಕು.

ಕಾಯ್ದೆಗೆ ಮಾರುಕಟ್ಟೆಯೂ ಉತ್ತರ ಕೊಟ್ಟಿತು. ಅಡವುಪತ್ರದ ಬದಲು ಸಾಹುಕಾರರು ಕ್ರಯಪತ್ರ ಬರೆಸಿಕೊಳ್ಳತೊಡಗಿದರು; ಸಾಲ ತೀರಿಸಿದರೆ ಜಮೀನು ವಾಪಸ್ ಎಂಬುದು ಬಾಯಿಮಾತು. ಕಾಗದದ ಮೇಲೆ ಸಾಲವೇ ಇಲ್ಲವಾದ್ದರಿಂದ ಲೆಕ್ಕ ತೆಗೆಯಲು ಏನೂ ಉಳಿಯಲಿಲ್ಲ. ರಕ್ಷಣೆಗೆಂದು ಬಂದ ಕಾಯ್ದೆಯಿಂದ ಸಣ್ಣ ರೈತನ ಜಮೀನು ಮೊದಲಿಗಿಂತ ಪೂರ್ತಿಯಾಗಿ ಕೈಬಿಡುವ ದಾರಿ ತೆರೆಯಿತು. ಕ್ರಯದ ಹಿಂದಿನ ನಿಜವನ್ನು ಬಾಯಿಸಾಕ್ಷ್ಯದಿಂದ ತೋರಿಸಲು ಅವಕಾಶ ಕೊಟ್ಟು ಕಾಯ್ದೆಯನ್ನು ತಿದ್ದಿದ್ದು ಆಮೇಲಿನ ಮಾತು.

ಸಾಲವನ್ನು ಮತ್ತೆ ಊರಿನೊಳಗೆ ಹುದುಗಿಸುವ ಬೇರೊಂದು ಪ್ರಯತ್ನ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ. ಅದರಡಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಎದ್ದದ್ದು ಗದಗ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆ ಕಾಯ್ದೆಯಲ್ಲಿ ಗ್ರಾಮೀಣ ಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಕೃಷಿಕರಿರಬೇಕು, ಹೊಣೆ ಅಪರಿಮಿತ. ಸಂಘ ಮುಳುಗಿದರೆ ಪ್ರತಿ ಸದಸ್ಯನೂ ತನ್ನ ಆಸ್ತಿಯಿಂದ ಜವಾಬ್ದಾರ. ಹಾಗಾಗಿ ಯಾರಿಗೆ ಎಷ್ಟು ಸಾಲ, ಯಾವ ಕೆಲಸಕ್ಕೆ ಎಂದು ನೆರೆಯವನೇ ವಿಚಾರಿಸುತ್ತಾನೆ. ಲಾಭ ಬಂದರೆ ಅದೂ ಸಂಘದಲ್ಲೇ ಉಳಿಯುತ್ತದೆ.

ಇದನ್ನು ಇಂದಿನ ಮೈಕ್ರೋಫೈನಾನ್ಸಿಗೆ ಹೊಂದಿಸಿ ನೋಡುವವರು ಈ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿಯೂ ಗುಂಪಿದೆ, ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಆದರೆ ಸಾಲದ ಮೊತ್ತ, ಬಡ್ಡಿ, ವಾರದ ದಿನ ಯಾವುದನ್ನೂ ಗುಂಪು ತೀರ್ಮಾನಿಸುವುದಿಲ್ಲ. ನೆರೆಹೊರೆಯ ಮುಲಾಜೇ ಅಡವಾಗಿರುತ್ತದೆ, ಲಾಭ ಊರಾಚೆ ಹೋಗುತ್ತದೆ. ಹುದುಗಿರುವುದು ಎಂದರೆ ಒಳ್ಳೆಯದು ಎಂದು ತಿಳಿದವರು ಇಲ್ಲಿ ಎಡವುತ್ತಾರೆ. ಈ ಕಂಪನಿಗಳ ಸಾಲದ ಬಡ್ಡಿಗಿದ್ದ ಮಿತಿಯನ್ನು ರಿಸರ್ವ್ ಬ್ಯಾಂಕ್ 2022ರಲ್ಲಿ ತೆಗೆಯಿತು, 1855ರಂತೆಯೇ. ಬದಲಿಗೆ ಎಲ್ಲ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು ಎಂಬ ನಿಯಮ ಇಟ್ಟಿತು. ಲಿಖಿತ ಆದಾಯವೇ ಇಲ್ಲದ ಮನೆಯಲ್ಲಿ ಆ ಅರ್ಧವನ್ನು ಅಳೆಯುವವನು ಸಾಲ ಕೊಡಲು ಬಂದ ನೌಕರನೇ.

2025ರ ಫೆಬ್ರುವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಪರವಾನಗಿ ಇಲ್ಲದವರಿಂದ ದುರ್ಬಲ ವರ್ಗದವರು ಮಾಡಿದ ಸಾಲ ತೀರಿದಂತೆ ಎಂದೂ ಹೇಳಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದವರು ಅದರ ಹೊರಗೆ. ಇದನ್ನು ಇಮ್ಮುಖ ಚಲನೆ ಎನ್ನಬಹುದೇ ಎಂದು ನೀವೇ ತೂಗಿ ನೋಡಬೇಕಾದರೆ, ಶಿಕ್ಷೆಯ ವರ್ಷಗಳನ್ನು ಎಣಿಸುವ ಮೊದಲು 1879ರ ನ್ಯಾಯಾಧೀಶ ಮಾಡಿದ ಕೆಲಸವನ್ನು ಇದರಲ್ಲಿ ಯಾರಿಗೆ ವಹಿಸಿದ್ದಾರೆ ಎಂದು ಹುಡುಕಿ: ಕೊನೆಯ ಕಾಗದವನ್ನು ಬದಿಗಿಟ್ಟು, ಮೊದಲ ಕೈಸಾಲದಿಂದ ಲೆಕ್ಕ ತೆಗೆಯುವ ಕೆಲಸ.